ಸಾಗುವ ಅಲೆಯ ಸಮೀಕರಣ ಓದುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಫಸ್ಟ್ ಪಿಯುಸಿಯಲ್ಲಿ ಅಲೆಗಳ ಪಾಠ ಮುಗಿದ ವಾರ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಸ್ಟಾಫ್ ರೂಮಿನ ಬಾಗಿಲಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲಿ. ಅವನ್ನೆಲ್ಲ ಒಂದು ಕಡೆ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

ಉದಾಹರಣೆಗೆ ಆದಷ್ಟು ಒಂದೇ ಸಮೀಕರಣ ಇಟ್ಟುಕೊಳ್ಳೋಣ. ಎಳೆದು ಕಟ್ಟಿದ ತಂತಿಯ ಮೇಲೆ ಸಾಗುವ ಅಲೆ:

`y = 0.02 sin(15.7x − 314t)`

ಇಲ್ಲಿ x ಮತ್ತು y ಮೀಟರ್‌ನಲ್ಲಿ, t ಸೆಕೆಂಡಿನಲ್ಲಿ. ಮುಂದೆ "ನಮ್ಮ ತಂತಿ" ಅಂದರೆ ಇದೇ.

## ಶುರುವಿನ ಪ್ರಶ್ನೆಗಳು

ಸರ್, ಸಮೀಕರಣ ನೋಡಿದ ತಕ್ಷಣ ತಲೆ ಖಾಲಿ ಆಗುತ್ತೆ. ಎಲ್ಲಿಂದ ಶುರು ಮಾಡಲಿ?

ಪೆನ್ಸಿಲ್ ತಗೊಂಡು ಮೂರು ಸಂಖ್ಯೆಗಳ ಕೆಳಗೆ ಗೆರೆ ಎಳೆಯಿರಿ. sin ಹಿಂದೆ ನಿಂತಿರುವುದು ಒಂದು, x ಜೊತೆ ಅಂಟಿಕೊಂಡಿರುವುದು ಇನ್ನೊಂದು, t ಜೊತೆ ಇರುವುದು ಮೂರನೆಯದು. ಆಮೇಲೆ x ಪದ ಮತ್ತು t ಪದದ ಚಿಹ್ನೆಗಳಿಗೆ ಸುತ್ತು ಹಾಕಿ. ಪ್ರಶ್ನೆಯಲ್ಲಿ ಇರುವ ಮಾಹಿತಿ ಇಷ್ಟೇ.

sin ಹಿಂದಿನ 0.02 ಪಾರ. ಕ್ಲಾಸಿನಲ್ಲಿ ನಾವು ಆಂಪ್ಲಿಟ್ಯೂಡ್ ಅನ್ನುತ್ತೇವಲ್ಲ, ಅದೇ. sin ಬೆಲೆ 1ಕ್ಕಿಂತ ಮೇಲೆ ಹೋಗುವುದಿಲ್ಲ, ಹಾಗಾಗಿ y ಹೆಚ್ಚೆಂದರೆ 0.02 ಮೀಟರ್, ಅಂದರೆ 2 ಸೆಂ.ಮೀ. ಅದಕ್ಕೆ ಲೆಕ್ಕವೇ ಬೇಡ, ಓದಿ ಬರೆದರೆ ಆಯ್ತು.

x ಜೊತೆಗಿನ 15.7ಕ್ಕೆ k ಎಂದು ಹೆಸರು. ತರಂಗಾಂತರ `λ = 2π/k = 6.28/15.7 = 0.4` ಮೀಟರ್. t ಜೊತೆಗಿನ 314 ಎಂದರೆ ω. ಆವೃತ್ತಿ `f = ω/2π = 314/6.28 = 50` ಹರ್ಟ್ಸ್.

ಅಲೆಯ ವೇಗಕ್ಕೆ λ, f ಎರಡನ್ನೂ ಮೊದಲು ಕಂಡುಹಿಡಿಯಬೇಕಾಗಿಲ್ಲ. t ಜೊತೆಗಿನ ಸಂಖ್ಯೆಯನ್ನು x ಜೊತೆಗಿನ ಸಂಖ್ಯೆಯಿಂದ ಭಾಗಿಸಿ: `v = ω/k = 314/15.7 = 20` ಮೀ/ಸೆ. ಬೇಕಿದ್ದರೆ `fλ = 50 × 0.4 = 20` ಎಂದು ತಾಳೆ ನೋಡಿ. x ಮತ್ತು t ಪದಗಳ ಚಿಹ್ನೆ ಬೇರೆ ಬೇರೆ ಇದೆ, ಹಾಗಾಗಿ ಅಲೆ +x ಕಡೆಗೆ ಹೋಗುತ್ತಿದೆ. ಯಾಕೆ ಅನ್ನುವುದು ಮುಂದೆ ಇದೆ.

x ಪಕ್ಕದಲ್ಲೇ 15.7 ಇದೆ. ತರಂಗಾಂತರ 15.7 ಮೀಟರ್ ಅಂತ ಬರೆದರೆ ಯಾಕೆ ತಪ್ಪು?

15.7 ಉದ್ದವೇ ಅಲ್ಲ. sin ಒಳಗೆ ಹೋಗುವುದು ಕೋನ, ರೇಡಿಯನ್‌ನಲ್ಲಿ. ತಂತಿಯ ಮೇಲೆ ಒಂದು ಮೀಟರ್ ಮುಂದೆ ಹೋದರೆ ಆ ಕೋನ 15.7 ರೇಡಿಯನ್ ಹೆಚ್ಚುತ್ತದೆ. ಒಂದು ಪೂರ್ತಿ ಸುತ್ತಿಗೆ 6.28 ರೇಡಿಯನ್ ಸಾಕು. ಅಂದರೆ ಒಂದು ಮೀಟರಿನಲ್ಲಿ ಎರಡೂವರೆ ಅಲೆ ಕೂತಿವೆ, ಒಂದೊಂದೂ 0.4 ಮೀಟರ್.

k ದೊಡ್ಡದಾದಷ್ಟೂ ಅಲೆಗಳು ಒತ್ತೊತ್ತಾಗಿ ಕೂರುತ್ತವೆ, ತರಂಗಾಂತರ ಚಿಕ್ಕದಾಗುತ್ತದೆ. ಎರಡು ಸಮೀಕರಣ ಕೊಟ್ಟು "ಯಾವುದರ ತರಂಗಾಂತರ ಜಾಸ್ತಿ?" ಎಂದು ಕೇಳಿದರೆ k ಚಿಕ್ಕದಿರುವುದನ್ನು ಆರಿಸಿ. ಕ್ಯಾಲ್ಕುಲೇಟರ್‌ನಲ್ಲಿ y ಬೆಲೆ ತೆಗೆಯುವವರು ಅದು ರೇಡಿಯನ್ ಮೋಡ್‌ನಲ್ಲಿದೆಯೇ ನೋಡಿಕೊಳ್ಳಿ. ಡಿಗ್ರಿಯಲ್ಲಿದ್ದರೆ ಉತ್ತರ ಬರುತ್ತದೆ, ಆದರೆ ಬೇರೆ ಯಾವುದೋ ಅಲೆಯದ್ದು.

ಮೈನಸ್ ಇದ್ದರೆ ಅಲೆ ಹಿಂದಕ್ಕೆ ಹೋಗಬೇಕಲ್ವಾ? ನೀವು ಉಲ್ಟಾ ಹೇಳ್ತಿದ್ದೀರಿ!

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅನುಮಾನ ಸಹಜ, ಆದರೆ ನಿಯಮ ಬಾಯಿಪಾಠ ಮಾಡುವ ಬದಲು ಅಲೆಯ ಒಂದು ಶಿಖರವನ್ನು ಹಿಡಿದು ಹಿಂದೆಯೇ ಓಡಿ ನೋಡಿ.

ಶಿಖರದಲ್ಲಿ sin ಬೆಲೆ 1. ಅಂದರೆ ಒಳಗಿನ ಕೋನ π/2, ಸುಮಾರು 1.57. ಇನ್ನು `15.7x − 314t = 1.57` ಎಂದು ಬರೆಯಿರಿ. t = 0 ಹಾಕಿ: x = 0.1 ಮೀಟರ್. ಶಿಖರ ಅಲ್ಲಿದೆ. ಈಗ 0.005 ಸೆಕೆಂಡ್ ಕಳೆಯಲಿ. `314 × 0.005 = 1.57`. ಇಷ್ಟು ಕಳೆದರೂ ಬಲಗಡೆ 1.57 ಉಳಿಯಬೇಕು ಎಂದರೆ 15.7x ಎಂಬುದು 3.14 ಆಗಬೇಕು. x = 0.2 ಮೀಟರ್. ಶಿಖರ 10 ಸೆಂ.ಮೀ. ಮುಂದೆ ಹೋಯಿತು, ಹಿಂದಕ್ಕಲ್ಲ.

ನೋಡಿ, t ಪದ ಕಳೆಯುತ್ತಾ ಹೋಗುತ್ತದೆ. ಆ ನಷ್ಟ ತುಂಬಿಸಲು x ಬೆಳೆಯಲೇಬೇಕು. ಪ್ಲಸ್ ಇದ್ದಿದ್ದರೆ t ಪದ ಕೂಡುತ್ತಾ ಹೋಗುತ್ತಿತ್ತು, ಸರಿದೂಗಿಸಲು x ಇಳಿಯಬೇಕಿತ್ತು, ಅಲೆ −x ಕಡೆ ಸರಿಯುತ್ತಿತ್ತು. ಇದೇ ಲೆಕ್ಕದಲ್ಲಿ ವೇಗವೂ ಸಿಕ್ಕಿತು: 0.1 ಮೀಟರ್, 0.005 ಸೆಕೆಂಡ್, 20 ಮೀ/ಸೆ.

ಎಡಗಡೆ y ಅಂತ ಇದೆ. ಹಾಗಾದ್ರೆ ಅಲೆ y ದಿಕ್ಕಿಗೆ ಹೋಗುತ್ತಾ?

ಇಲ್ಲ. ಎಡಗಡೆ ಇರುವ ಅಕ್ಷರ ತಂತಿಯ ಕಣ ಯಾವ ಕಡೆ ಅಲುಗಾಡುತ್ತದೆ ಎಂದು ಹೇಳುತ್ತದೆ. ಅಲೆ ಎತ್ತ ಸಾಗುತ್ತದೆ ಎಂದು ಹೇಳುವುದು sin ಒಳಗೆ t ಜೊತೆಗಿರುವ ಅಕ್ಷರ. `y = 0.02 sin(15.7z − 314t)` ಎಂದಿದ್ದರೆ ಅಲೆ +z ಕಡೆ ಹೋಗುತ್ತದೆ, ಕಣಗಳು y ಕಡೆ ಮೇಲೆ ಕೆಳಗೆ ಆಡುತ್ತವೆ.

## ಬೇರೆ ಬೇರೆ ವೇಷದಲ್ಲಿ ಬಂದಾಗ

t ಮೊದಲು ಬರೆದಿದ್ದಾರೆ, sin ಬದಲು cos ಇದೆ, ಕೊನೆಯಲ್ಲಿ + π/4 ಬೇರೆ. ಎಲ್ಲ ಬದಲಾಗುತ್ತಾ?

ನಾಲ್ಕರಲ್ಲಿ ಒಂದೂ ಬದಲಾಗುವುದಿಲ್ಲ. ಪಾರ, ತರಂಗಾಂತರ, ವೇಗ, ದಿಕ್ಕು ಎಲ್ಲ ಹಾಗೇ.

`sin(314t − 15.7x)` ತಗೊಳ್ಳಿ. ಈಗ ಮೈನಸ್ x ಹಿಂದೆ ಇದೆ. ಆದರೂ x ಮತ್ತು t ಚಿಹ್ನೆ ಬೇರೆ ಬೇರೆಯೇ, ಹಾಗಾಗಿ +x. "x ಹಿಂದೆ ಮೈನಸ್ ಇದ್ದರೆ ಹೀಗೆ, t ಹಿಂದೆ ಇದ್ದರೆ ಹಾಗೆ" ಎಂದು ಎರಡು ನಿಯಮ ಕಲಿತವರು ಇಲ್ಲಿ ಎಡವುತ್ತಾರೆ. ಒಂದೇ ನಿಯಮ ಸಾಕು: ಚಿಹ್ನೆ ಬೇರೆ ಇದ್ದರೆ +x, ಒಂದೇ ಇದ್ದರೆ −x. ಎರಡೂ ಮೈನಸ್ ಆಗಿ `sin(−15.7x − 314t)` ಎಂದು ಬಂದರೂ ಚಿಹ್ನೆ ಒಂದೇ ತಾನೆ? −x.

cos ಆಗಲಿ, π/4 ಆಗಲಿ ಅಲೆ ಎಲ್ಲಿಂದ ಶುರುವಾಯಿತು ಎನ್ನುವುದನ್ನು ಮಾತ್ರ ಬದಲಿಸುತ್ತವೆ. π/4 ಹಿಂದಿನ ಪ್ಲಸ್ ನೋಡಿ ದಿಕ್ಕು ಬರೆಯುವವರನ್ನು ಪ್ರತಿ ವರ್ಷ ಕಾಣುತ್ತೇನೆ. ಅದರ ಜೊತೆ x ಇಲ್ಲ, t ಇಲ್ಲ. ಅದಕ್ಕೂ ದಿಕ್ಕಿಗೂ ಸಂಬಂಧ ಇಲ್ಲ. ಹಾಗೆಯೇ `y = −0.02 sin(...)` ಎಂದಿದ್ದರೆ ಪಾರ 0.02 ಮೀಟರ್, −0.02 ಅಲ್ಲ. ಪಾರ ಯಾವಾಗಲೂ ಧನ ಸಂಖ್ಯೆ.

π ಆವರಣದ ಹೊರಗೆ ನಿಂತಿದೆ. ಅದನ್ನು ಏನು ಮಾಡಲಿ?

ಒಳಗೆ ಕರೆದುಕೊಳ್ಳಿ, ಪ್ರತಿ ಪದಕ್ಕೂ ಗುಣಿಸಿ. ಆಮೇಲೆ ಓದಿ. ಉದಾಹರಣೆಗೆ, x ಮತ್ತು y ಸೆಂ.ಮೀ.ನಲ್ಲಿ, t ಸೆಕೆಂಡಿನಲ್ಲಿ:

`y = 8 sin π(0.05x − 4t)`

ಇಲ್ಲಿ k ಎಂದರೆ 0.05 ಅಲ್ಲ, 0.05π. `λ = 2π/0.05π = 40` ಸೆಂ.ಮೀ. ω = 4π, ಹಾಗಾಗಿ f = 2 ಹರ್ಟ್ಸ್. ವೇಗ `4π/0.05π = 80` ಸೆಂ.ಮೀ./ಸೆ.

ಈ ತಪ್ಪು ಅಪಾಯದ್ದು. π ಮರೆತವರಿಗೂ ವೇಗ 4/0.05, ಅದೇ 80 ಬರುತ್ತದೆ! ಭಾಗಿಸುವಾಗ π ಹೊಡೆದುಹೋಗುತ್ತದಲ್ಲ. ವೇಗ ಸರಿ ಬಂತು, ಹಾಗಾಗಿ ಉಳಿದದ್ದೂ ಸರಿ ಎಂದು ನಂಬಿ ಮುಂದೆ ಹೋಗುತ್ತಾರೆ. ಆದರೆ ಅವರ ತರಂಗಾಂತರ 2π/0.05, ಸುಮಾರು 125.7 ಸೆಂ.ಮೀ. `fλ` ಹಾಕಿ ತಾಳೆ ನೋಡಿದರೂ ಸಿಕ್ಕಿಬೀಳುವುದಿಲ್ಲ, ಎರಡೂ ಒಂದೇ ಲೆಕ್ಕದಲ್ಲಿ ತಪ್ಪಿರುತ್ತವೆ. ಗುರುತು ಒಂದೇ: ಸಮೀಕರಣದಲ್ಲಿ π ಪ್ರಿಂಟ್ ಆಗಿದ್ದರೆ λ ಮತ್ತು f ಸಾಮಾನ್ಯವಾಗಿ ಅಚ್ಚುಕಟ್ಟಾದ ಸಂಖ್ಯೆಯಾಗಿ ಬರುತ್ತವೆ. 125.7 ಥರದ್ದು ಬಂದರೆ ಮತ್ತೆ ಆವರಣದ ಹೊರಗೆ ನೋಡಿ.

ಇನ್ನೊಂದು ವೇಷ `y = 5 sin 2π(t/0.04 − x/40)`, ಇದೂ ಸೆಂ.ಮೀ. ಮತ್ತು ಸೆಕೆಂಡಿನಲ್ಲಿ. ಇದು ಬಂದರೆ ಖುಷಿ ಪಡಿ. t ಕೆಳಗಿರುವುದೇ ಅವಧಿ, 0.04 ಸೆಕೆಂಡ್. x ಕೆಳಗಿರುವುದೇ ತರಂಗಾಂತರ, 40 ಸೆಂ.ಮೀ. ವೇಗ 40/0.04 = 1000 ಸೆಂ.ಮೀ./ಸೆ., ಅಂದರೆ 10 ಮೀ/ಸೆ. ಹೊರಗೆ ಪೂರ್ತಿ 2π ಇದ್ದಾಗ ಮಾತ್ರ ಹೀಗೆ ನೇರ ಓದಬಹುದು. ಬರೀ π ಇದ್ದರೆ ಕೆಳಗಿನ ಸಂಖ್ಯೆಯ ಎರಡರಷ್ಟು ಬರೆಯಬೇಕು.

y ಮಿ.ಮೀ.ನಲ್ಲಿ, x ಮೀಟರ್‌ನಲ್ಲಿ ಕೊಟ್ಟಿದ್ದಾರೆ. ಎಲ್ಲ ಒಂದೇ ಅಳತೆಗೆ ತರಬೇಕಾ?

ತರಬೇಕಾಗಿಲ್ಲ. ಪಾರಕ್ಕೆ y ಅಳತೆ, ತರಂಗಾಂತರಕ್ಕೆ x ಅಳತೆ, ವೇಗಕ್ಕೆ x ಅಳತೆಯ ಪಕ್ಕ "ಪ್ರತಿ ಸೆಕೆಂಡಿಗೆ". ನಮ್ಮ ತಂತಿಯ ಸಮೀಕರಣವನ್ನೇ `y = 20 sin(15.7x − 314t)`, y ಮಿ.ಮೀ.ನಲ್ಲಿ ಎಂದು ಬರೆದರೂ ಅಲೆ ಅದೇ. ವೇಗ 20 ಮೀ/ಸೆ., 20 ಮಿ.ಮೀ./ಸೆ. ಅಲ್ಲ. ಅಲೆಯ ವೇಗದ ಲೆಕ್ಕದಲ್ಲಿ y ತಲೆ ಹಾಕುವುದೇ ಇಲ್ಲ.

ಜೆರಾಕ್ಸ್ ಹಾಳೆಯಲ್ಲಿ ಚಿಹ್ನೆ ಕಾಣ್ತಿಲ್ಲ. ಪ್ಲಸ್ಸೋ ಮೈನಸ್ಸೋ ಹೇಗೆ ಗೊತ್ತಾಗಬೇಕು?

ಸಮೀಕರಣದಿಂದ ಗೊತ್ತಾಗುವುದಿಲ್ಲ. ನಾನೇ ಒಮ್ಮೆ ಕಾಲೇಜಿನ ಟೆಸ್ಟ್‌ಗೆ ಕೈಯಲ್ಲಿ ಬರೆದ ಪೇಪರ್ ಕೊಟ್ಟಿದ್ದೆ. ಜೆರಾಕ್ಸ್‌ನಲ್ಲಿ ಮೈನಸ್ ಗೆರೆ ಮಾಯ. `15.7x  314t` ಎಂದು ನಡುವೆ ಬರೀ ಜಾಗ. ಅರ್ಧ ಕ್ಲಾಸು +x ಬರೆದಿತ್ತು, ಅರ್ಧ −x. ಇಬ್ಬರಿಗೂ ಅಂಕ ಕೊಟ್ಟೆ, ಬೇರೆ ದಾರಿ ಇರಲಿಲ್ಲ.

ಆದರೆ ಕಳೆದುಕೊಳ್ಳುವುದು ದಿಕ್ಕನ್ನು ಮಾತ್ರ. ಪಾರ, ತರಂಗಾಂತರ, ವೇಗದ ಪ್ರಮಾಣ ಚಿಹ್ನೆ ಯಾವುದಿದ್ದರೂ ಅವೇ. ಮೊದಲು ಅವನ್ನು ಬರೆದು ಮುಗಿಸಿ. ಮೇಲ್ವಿಚಾರಕರನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ "ಮೈನಸ್ ಎಂದುಕೊಂಡರೆ +x" ಎಂದು ಉತ್ತರದಲ್ಲೇ ಬರೆಯಿರಿ.

## ಸ್ವಲ್ಪ ಆಳದ ಪ್ರಶ್ನೆಗಳು

ನನಗೆ ವೇಗ 20 ಬಂತು, ಕೀ ಆನ್ಸರ್‌ನಲ್ಲಿ 6.28 ಇದೆ. ಯಾರು ಸರಿ?

ಪ್ರಶ್ನೆ ಮತ್ತೊಮ್ಮೆ ಓದಿ. "ಕಣದ ಗರಿಷ್ಠ ವೇಗ" ಎಂದು ಇರುತ್ತದೆ. ಅದು ಬೇರೆ ವೇಗ.

ಕ್ರಿಕೆಟ್ ಸ್ಟೇಡಿಯಂನಲ್ಲಿ ಜನ ಮೆಕ್ಸಿಕನ್ ವೇವ್ ಮಾಡುವುದನ್ನು ನೋಡಿದ್ದೀರಲ್ಲ? ಅಲೆ ಇಡೀ ಸ್ಟೇಡಿಯಂ ಸುತ್ತುತ್ತದೆ. ಜನ ಮಾತ್ರ ತಮ್ಮ ಸೀಟಿನಲ್ಲೇ ಎದ್ದು ಕೂರುತ್ತಾರೆ. ಅಲೆ ಸುತ್ತುವ ವೇಗ ಒಂದು, ನೀವು ಎದ್ದು ಕೂರುವ ವೇಗ ಇನ್ನೊಂದು. ತಂತಿಯ ಕಣವೂ ಹೀಗೇ, ತನ್ನ ಜಾಗದಲ್ಲೇ ಮೇಲೆ ಕೆಳಗೆ ಆಡುತ್ತದೆ. ಅದರ ಗರಿಷ್ಠ ವೇಗ `Aω = 0.02 × 314 = 6.28` ಮೀ/ಸೆ. ಕಣ ನಡುಗೆರೆ ದಾಟುವಾಗ ಈ ವೇಗ ಇರುತ್ತದೆ, ಶಿಖರದಲ್ಲಿ ಸೊನ್ನೆ. ಅಲೆಯ ವೇಗ ಮಾತ್ರ ಯಾವಾಗಲೂ 20.

ಒಂದು ಕ್ಷಣದಲ್ಲಿ ಕಣ ಮೇಲೆ ಹೋಗುತ್ತಿದೆಯೋ ಕೆಳಗೋ ಎಂದೂ ಕೇಳುತ್ತಾರೆ. ನಮ್ಮ ತಂತಿಯಲ್ಲಿ x = 0, t = 0 ತಗೊಳ್ಳಿ. ಅಲೆ ಬಲಕ್ಕೆ ಹೋಗುತ್ತಿದೆ, ಹಾಗಾಗಿ ಈ ಕಣಕ್ಕೆ ಮುಂದೆ ತಲುಪುವುದು ಅದರ ಎಡಗಡೆ ಈಗ ಇರುವ ಆಕಾರ. ಸೊನ್ನೆಯ ಎಡಕ್ಕೆ x ಋಣ, ಅಲ್ಲಿ y ಕೂಡ ಋಣ. ಅಂದರೆ ಕಣ ಕೆಳಗೆ ಇಳಿಯಲಿದೆ. ಅವಕಲನ ಮಾಡಿದರೂ −6.28 ಬರುತ್ತದೆ.

ಪಾರ ಎರಡರಷ್ಟು ಮಾಡಿದರೆ ಅಲೆ ಬೇಗ ಹೋಗುತ್ತಾ?

ಹೋಗುವುದಿಲ್ಲ. `ω/k` ಒಳಗೆ A ಇಲ್ಲ. ಕಣ ಎರಡರಷ್ಟು ಜೋರಾಗಿ ಆಡುತ್ತದೆ, ಅಲೆ 20ರಲ್ಲೇ ಸಾಗುತ್ತದೆ.

ತಂತಿಯಲ್ಲಿ ವೇಗ ನಿರ್ಧಾರ ಆಗುವುದು ಎಳೆತದಿಂದ ಮತ್ತು ತಂತಿಯ ದಪ್ಪ ತೂಕದಿಂದ: `v = √(T/μ)`. ಇಲ್ಲಿ T ಎಂದರೆ ಎಳೆತ (ಅವಧಿ ಅಲ್ಲ, ಅಕ್ಷರ ಒಂದೇ, ಎಚ್ಚರ), μ ಎಂದರೆ ಒಂದು ಮೀಟರ್ ತಂತಿಯ ದ್ರವ್ಯರಾಶಿ. ಪ್ರಶ್ನೆಯಲ್ಲಿ μ = 0.005 ಕೆಜಿ/ಮೀ ಎಂದು ಕೊಟ್ಟು ಎಳೆತ ಕೇಳಿದರೆ, ಸಮೀಕರಣದಿಂದ 20 ಓದಿಕೊಂಡು `T = μv² = 0.005 × 400 = 2` ನ್ಯೂಟನ್. ಎಳೆತ ನಾಲ್ಕು ಪಟ್ಟು ಆದರೆ ವೇಗ 40. ಇದೆಲ್ಲ ಸಣ್ಣ ಅಲೆಗಳಿಗೆ ಸರಿ. ತಂತಿ ತುಂಬಾ ಬಾಗಿದರೆ ಎಳೆತವೇ ಬದಲಾಗಿ ಈ ಸರಳ ಸೂತ್ರ ಕೈಕೊಡುತ್ತದೆ.

`y = 0.04 sin 15.7x cos 314t` ಅಂತ ಇದೆ. ಇದರ ದಿಕ್ಕು ಯಾವುದು?

ಇದಕ್ಕೆ ದಿಕ್ಕೇ ಇಲ್ಲ. x ಒಂದು ಆವರಣದಲ್ಲಿ, t ಇನ್ನೊಂದರಲ್ಲಿ ಬೇರೆಯಾಗಿ ಕೂತು ಗುಣಾಕಾರ ಆಗಿದ್ದರೆ ಅದು ಸಾಗುವ ಅಲೆಯಲ್ಲ, ನಿಂತ ಅಲೆ, ಸ್ಟ್ಯಾಂಡಿಂಗ್ ವೇವ್. x = 0, 0.2, 0.4 ಮೀಟರ್ ಹೀಗೆ ಕೆಲವು ಬಿಂದುಗಳು ಎಂದೂ ಅಲುಗಾಡುವುದಿಲ್ಲ. ಸಾಗುವ ಅಲೆಯಲ್ಲಿ ಅಂಥ ಬಿಂದು ಇರಲು ಸಾಧ್ಯವಿಲ್ಲ, ಎಲ್ಲರಿಗೂ ಸರದಿ ಬರುತ್ತದೆ.

ಆದರೂ ಇದರೊಳಗೆ ನಮ್ಮ ಹಳೆಯ ಅಲೆ ಅಡಗಿದೆ. ಇದನ್ನು ಬಿಡಿಸಿದರೆ `0.02 sin(15.7x − 314t) + 0.02 sin(15.7x + 314t)`. ಒಂದು ಬಲಕ್ಕೆ, ಒಂದು ಎಡಕ್ಕೆ, ಎರಡೂ 20 ಮೀ/ಸೆ. "ಘಟಕ ಅಲೆಗಳ ಪಾರ ಎಷ್ಟು?" ಎಂದು ಕೇಳಿದರೆ 0.04 ಅಲ್ಲ, ಅದರ ಅರ್ಧ.

sin ಇಲ್ಲ, cos ಇಲ್ಲ, ಬರೀ ಭಿನ್ನರಾಶಿ ಕೊಟ್ಟಿದ್ದಾರೆ. ಇದೂ ಅಲೆನಾ?

ಹೌದು, ಒಂಟಿ ಅಲೆ. ಹಗ್ಗದ ತುದಿಯನ್ನು ಒಮ್ಮೆ ಮಾತ್ರ ಕುಲುಕಿದರೆ ಓಡುವ ಒಂದು ಉಬ್ಬು, ಪಲ್ಸ್. ಜೆಇಇ ಅಭ್ಯಾಸದ ಲೆಕ್ಕಗಳಲ್ಲಿ ಇದು ಆಗಾಗ ಸಿಗುತ್ತದೆ:

`y = 6/[(2x − 10t)² + 3]`, x ಮತ್ತು y ಸೆಂ.ಮೀ., t ಸೆಕೆಂಡ್.

ವೇಗ ಮತ್ತು ದಿಕ್ಕು ಓದುವ ರೀತಿ ಅದೇ. 10/2 = 5 ಸೆಂ.ಮೀ./ಸೆ., ಚಿಹ್ನೆ ಬೇರೆ, ಹಾಗಾಗಿ +x. ಪಾರಕ್ಕೆ ಮಾತ್ರ ಮೇಲಿನ 6 ಬರೆದು ಮೋಸ ಹೋಗಬೇಡಿ. ಕೆಳಗಿನ ಸಂಖ್ಯೆ ಅತಿ ಚಿಕ್ಕದಾದಾಗ y ಅತಿ ದೊಡ್ಡದು. ವರ್ಗ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ, ಹಾಗಾಗಿ ಅತಿ ಚಿಕ್ಕದು 3. y ಗರಿಷ್ಠ 6/3 = 2 ಸೆಂ.ಮೀ. ತರಂಗಾಂತರ ಕೇಳಿದರೆ? ಇರುವುದೇ ಒಂದು ಉಬ್ಬು, ಅದು ಮರುಕಳಿಸುವುದಿಲ್ಲ, ತರಂಗಾಂತರ ಎಂಬುದೇ ಇಲ್ಲ.

ಸೆಕೆಂಡ್ ಪಿಯುಸಿಯಲ್ಲಿ y ಬದಲು E ಬರುತ್ತೆ. ಅಲ್ಲೂ ಹೀಗೇ ಓದಬಹುದಾ?

ಓದಬಹುದು. `E = 12 sin(6x + 1.2×10⁹t)` ಎಂದಿರಲಿ, E ವೋಲ್ಟ್/ಮೀಟರ್‌ನಲ್ಲಿ, x ಮೀಟರ್‌ನಲ್ಲಿ. ಪಾರ 12 ವೋಲ್ಟ್/ಮೀ. ಇದು ಉದ್ದವಲ್ಲ, ಇಲ್ಲಿ ಯಾವ ಕಣವೂ 12 ಮೀಟರ್ ಎಗರುತ್ತಿಲ್ಲ, ಏರಿಳಿಯುತ್ತಿರುವುದು ವಿದ್ಯುತ್ ಕ್ಷೇತ್ರ. ತರಂಗಾಂತರ 6.28/6, ಸುಮಾರು 1.05 ಮೀಟರ್. ಚಿಹ್ನೆ ಒಂದೇ, ದಿಕ್ಕು −x.

ಬೆಳಕು ಎಂದ ಕೂಡಲೇ ವೇಗಕ್ಕೆ 3×10⁸ ಎಂದು ಬರೆದುಬಿಡುವ ಅಭ್ಯಾಸ ಇದೆ. ಭಾಗಿಸಿ ನೋಡಿ: `1.2×10⁹/6 = 2×10⁸` ಮೀ/ಸೆ. ನಿರ್ವಾತದ ವೇಗಕ್ಕಿಂತ ಕಡಿಮೆ. ಅಂದರೆ ಅಲೆ ಯಾವುದೋ ಮಾಧ್ಯಮದೊಳಗಿದೆ, ಅದರ ವಕ್ರೀಭವನ ಸೂಚ್ಯಂಕ 3/2 = 1.5. ಸುಮಾರಾಗಿ ಸಾಮಾನ್ಯ ಗಾಜಿನಲ್ಲಿ ಕಣ್ಣಿಗೆ ಕಾಣುವ ಬೆಳಕಿಗೆ ಇರುವಷ್ಟು. ಪ್ರಶ್ನೆಯಲ್ಲಿ "ನಿರ್ವಾತದಲ್ಲಿ" ಎಂದು ಬರೆದು ಈ ಸಂಖ್ಯೆಗಳನ್ನೇ ಕೊಟ್ಟಿದ್ದರೆ, ತಪ್ಪು ಪ್ರಶ್ನೆಯದ್ದು, ನಿಮ್ಮದಲ್ಲ.